ಬಿಲ್ಲಿನ ಕೊನೆಯ ಪೈಸೆ

ಕೇಳುಗರಿಗೆ ನಮಸ್ಕಾರ. ನಗದು ಬಿಲ್ಲಿನ ಒಟ್ಟು ಮೊತ್ತವನ್ನು ಪೂರ್ಣ ರೂಪಾಯಿಗೆ ತರುವುದು ಹೇಗೆ, ಹಾಗೆ ತಂದಾಗ ಉಳಿಯುವ ಪೈಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಎಲ್ಲಿ ಬರೆಯಬೇಕು ಎಂಬುದನ್ನು ಇವತ್ತು ಮಾತಾಡೋಣ. ಅಂಗಡಿ ನಡೆಸುವವರು, ಅಂಗಡಿಗಳ ಲೆಕ್ಕ ಬರೆಯುವವರು ಒಂದು ಕಾಗದ, ಪೆನ್ನು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಅಂಕಿಗಳು ಹೆಚ್ಚಿಲ್ಲ, ಆದರೆ ಬರೆದುಕೊಂಡು ಕೇಳಿದರೆ ಬೇಗ ತಿಳಿಯುತ್ತದೆ.

25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. 50 ಪೈಸೆ ನಾಣ್ಯಕ್ಕೆ ಕಾನೂನಿನ ಮಾನ್ಯತೆ ಇದೆ, ಗಲ್ಲಾದಲ್ಲಿ ಮಾತ್ರ ಕಾಣಸಿಗುವುದಿಲ್ಲ. ಆದರೆ ಜಿಎಸ್‌ಟಿ ಲೆಕ್ಕ ಹಾಕುವಾಗ ಪೈಸೆ ಬಂದೇ ಬರುತ್ತದೆ. ಕೊಡಲಾಗದ, ತೆಗೆದುಕೊಳ್ಳಲಾಗದ ಈ ಪೈಸೆಗೆ ಬಿಲ್ಲಿನಲ್ಲಿ ಒಂದು ಜಾಗ ಬೇಕು.

ಒಂದು ಹಾರ್ಡ್‌ವೇರ್ ಅಂಗಡಿ ಎಂದುಕೊಳ್ಳಿ. ಪ್ಲಂಬರ್ ಒಬ್ಬರು ಬಂದು ಪಿವಿಸಿ ಪೈಪು, ಎಲ್ಬೋ, ಟೀ ತೆಗೆದುಕೊಂಡರು. ತೆರಿಗೆ ಸೇರಿಸುವ ಮೊದಲು ಸಾಮಾನಿನ ಬೆಲೆ 742 ರೂಪಾಯಿ. ತೆರಿಗೆ ಶೇಕಡಾ 18, ಅಂದರೆ ಕೇಂದ್ರದ ಪಾಲು ಶೇಕಡಾ 9, ರಾಜ್ಯದ ಪಾಲು ಶೇಕಡಾ 9. ಒಂದೊಂದು ಪಾಲಿಗೆ 66 ರೂಪಾಯಿ 78 ಪೈಸೆ. ಎಲ್ಲ ಕೂಡಿದರೆ 875 ರೂಪಾಯಿ 56 ಪೈಸೆ. ಪೈಸೆ ಐವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೇಲಿನ ರೂಪಾಯಿಗೆ, ಐವತ್ತಕ್ಕಿಂತ ಕಡಿಮೆಯಿದ್ದರೆ ಕೆಳಗಿನ ರೂಪಾಯಿಗೆ. ಹಾಗಾಗಿ ಪ್ಲಂಬರ್ ಕೊಡಬೇಕಾದ್ದು 876. ಸೇರಿಸಿದ್ದು 44 ಪೈಸೆ.

ಆ 44 ಪೈಸೆ ಬಿಲ್ಲಿನಲ್ಲಿ ತೆರಿಗೆಯ ಸಾಲುಗಳೆಲ್ಲ ಮುಗಿದ ಮೇಲೆ, ಒಟ್ಟು ಮೊತ್ತಕ್ಕೆ ಮುಂಚೆ, ‘ರೌಂಡ್ ಆಫ್’ ಎಂಬ ಪ್ರತ್ಯೇಕ ಸಾಲಿನಲ್ಲಿ ಕಾಣಬೇಕು. ಲೆಕ್ಕದ ಪುಸ್ತಕದಲ್ಲೂ ಅದೇ ಹೆಸರಿನ ಒಂದು ಖಾತೆ ಇರಬೇಕು. ನಗದು ಖಾತೆಗೆ 876 ಡೆಬಿಟ್. ಕ್ರೆಡಿಟ್ ಕಡೆ ಮಾರಾಟ 742, ಎರಡು ತೆರಿಗೆ ಖಾತೆಗೆ 66.78ರಂತೆ, ರೌಂಡ್ ಆಫ್ ಖಾತೆಗೆ 44 ಪೈಸೆ. ಎರಡೂ ಕಡೆ ಸರಿಹೋಯಿತು.

ಮುಂದಿನ ಗಿರಾಕಿಯ ಸಾಮಾನಿನ ಬೆಲೆ 635 ರೂಪಾಯಿ ಎನ್ನಿ. ತೆರಿಗೆ 57.15ರಂತೆ ಎರಡು ಪಾಲು, ಒಟ್ಟು 749 ರೂಪಾಯಿ 30 ಪೈಸೆ. ಗಿರಾಕಿ ಕೊಡುವುದು 749. ಈ ಸಲ ಅಂಗಡಿಗೆ 30 ಪೈಸೆ ಕಡಿಮೆ ಬಂತು, ಆದ್ದರಿಂದ ರೌಂಡ್ ಆಫ್ ಖಾತೆ ಡೆಬಿಟ್ ಆಗುತ್ತದೆ. ಮಾರಾಟವೂ ತೆರಿಗೆಯೂ ಇದ್ದಂತೆಯೇ ಇರುತ್ತವೆ.

ಇಲ್ಲೇ ಹಲವರು ಎಡವುತ್ತಾರೆ. ಮೊತ್ತ ಪೂರ್ಣವಾಗಲಿ ಎಂದು ಮಾರಾಟದ ಬೆಲೆಯನ್ನೇ 742ರಿಂದ 742.44ಕ್ಕೆ ಏರಿಸಿಬಿಡುತ್ತಾರೆ. ಆಗ 742.44ಕ್ಕೆ ಶೇಕಡಾ 9 ಹಾಕಿದರೆ 66.82 ಬರಬೇಕು, ಬಿಲ್ಲಿನಲ್ಲಿರುವುದು 66.78. ಒಂದು ಬಿಲ್ಲಿನಲ್ಲಿ ನಾಲ್ಕು ಪೈಸೆ ಯಾರಿಗೂ ಕಾಣುವುದಿಲ್ಲ, ನಿಜ. ತಿಂಗಳ ಕೊನೆಗೆ ನೂರಾರು ಬಿಲ್ಲುಗಳ ಬೆಲೆ ಮತ್ತು ತೆರಿಗೆ ಒಂದಕ್ಕೊಂದು ಹೊಂದದೆ ಇದ್ದಾಗ, ಯಾವ ಬಿಲ್ಲಿನಲ್ಲಿ ಏನಾಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಇನ್ನು ಕೆಲವರು ಒಂದೊಂದು ಸಾಮಾನಿನ ಸಾಲನ್ನೂ ಪೂರ್ಣ ರೂಪಾಯಿಗೆ ತರುತ್ತಾರೆ. ಹತ್ತು ಸಾಮಾನಿದ್ದರೆ ವ್ಯತ್ಯಾಸ ಐದು ರೂಪಾಯಿವರೆಗೂ ಹೋಗಬಹುದು. ಸಾಲುಗಳಲ್ಲಿ ಪೈಸೆ ಇರಲಿ ಬಿಡಿ. ಪೂರ್ಣ ಮಾಡುವುದು ಒಂದೇ ಸಲ, ಕಟ್ಟಕಡೆಯಲ್ಲಿ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮನ್ನು ಇದಕ್ಕೆ ತಂದು ಜೋಡಿಸುವವರಿದ್ದಾರೆ. ಆ ಕಲಂ ಹೇಳುವುದು ಕಾಯ್ದೆಯಡಿ ಕಟ್ಟಬೇಕಾದ ತೆರಿಗೆ, ಬಡ್ಡಿ, ದಂಡ, ಮರುಪಾವತಿ ಮುಂತಾದ ಮೊತ್ತಗಳನ್ನು ಪೂರ್ಣ ರೂಪಾಯಿಗೆ ತರುವ ಬಗ್ಗೆ. ಐವತ್ತು ಪೈಸೆಯ ನಿಯಮ ಅಲ್ಲೂ ಇದೇ. ಆದರೆ ಗಿರಾಕಿ ಗಲ್ಲಾದಲ್ಲಿ ಕೊಡುವ ಒಟ್ಟು ಹಣವನ್ನು ಪೂರ್ಣ ಮಾಡುವುದು ವ್ಯಾಪಾರದ ರೂಢಿ. ಇವೆರಡನ್ನು ಬೆರೆಸಬಾರದು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. 749 ರೂಪಾಯಿ 30 ಪೈಸೆಯ ಬಿಲ್ಲು ನೋಡಿ ಗಿರಾಕಿ, “ಅಣ್ಣಾ, ಚಿಲ್ಲರೆ ಬಿಟ್ಟು ಏಳ್ನೂರ ನಲವತ್ತು ಮಾಡಿಕೊಳ್ಳಿ” ಅನ್ನುತ್ತಾರೆ. ಪರಿಚಯದವರು, ಅಂಗಡಿಯವರು ಒಪ್ಪುತ್ತಾರೆ. ಬಿಟ್ಟಿದ್ದು 9 ರೂಪಾಯಿ 30 ಪೈಸೆ. ಸಂಜೆ ಲೆಕ್ಕ ಬರೆಯುವವರು ಅದಷ್ಟನ್ನೂ ರೌಂಡ್ ಆಫ್ ಖಾತೆಗೆ ತಳ್ಳಿಬಿಡುತ್ತಾರೆ. ಇದು ಸರಿಯಲ್ಲ. 30 ಪೈಸೆ ಬಿಟ್ಟರೆ ಅದು ಪೂರ್ಣಾಂಕಕ್ಕೆ ತಂದದ್ದು, ಒಂಬತ್ತು ರೂಪಾಯಿ ಬಿಟ್ಟರೆ ಅದು ರಿಯಾಯಿತಿ. ಮಾರುವ ಹೊತ್ತಿನಲ್ಲೇ ಕೊಟ್ಟು, ಬಿಲ್ಲಿನಲ್ಲೂ ತೋರಿಸಿದ ರಿಯಾಯಿತಿಯನ್ನು ಸಾಮಾನಿನ ಬೆಲೆಯಿಂದ ಕಳೆದು, ಉಳಿದದ್ದಕ್ಕಷ್ಟೇ ತೆರಿಗೆ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

ಲೆಕ್ಕ ಹಾಕಿ ನೋಡೋಣ. ಗಿರಾಕಿ ಎಲ್ಲ ಸೇರಿ ಕೊಡುವುದು 740 ರೂಪಾಯಿ. ಅದನ್ನು 1.18ರಿಂದ ಭಾಗಿಸಿದರೆ 627.12, ಅದೇ ತೆರಿಗೆಗೆ ಮೊದಲಿನ ಬೆಲೆ. ಅಂದರೆ 635ರಲ್ಲಿ ಕೊಟ್ಟ ರಿಯಾಯಿತಿ 7 ರೂಪಾಯಿ 88 ಪೈಸೆ. ತೆರಿಗೆ 56.44ರಂತೆ ಎರಡು ಪಾಲು, 112.88. ಕೂಡಿದರೆ ಸರಿಯಾಗಿ 740, ರೌಂಡ್ ಆಫ್ ಬೇಕಾಗಲೇ ಇಲ್ಲ. ಮೊದಲಿನ ಬಿಲ್ಲಿನಲ್ಲಿ ತೆರಿಗೆ 114.30 ಇತ್ತು. ಒಂಬತ್ತೂ ಚಿಲ್ಲರೆಯನ್ನು ರೌಂಡ್ ಆಫ್‌ಗೆ ತಳ್ಳಿದ್ದರೆ ಅಂಗಡಿಯವರು ತಮ್ಮ ಕೈಗೆ ಬಾರದ ಹಣದ ಮೇಲೆ 1 ರೂಪಾಯಿ 42 ಪೈಸೆ ತೆರಿಗೆ ಕಟ್ಟುತ್ತಿದ್ದರು. ದಿನಕ್ಕೆ ಹತ್ತಾರು ಗಿರಾಕಿಗಳಿಗೆ ಹೀಗೆ ಬಿಡುವ ಅಂಗಡಿಗೆ ಇದು ವರ್ಷದಲ್ಲಿ ದೊಡ್ಡ ಮೊತ್ತವೇ ಆಗುತ್ತದೆ.

ಖಾತೆಯಲ್ಲಿ ಇಂಥದ್ದು ನುಸುಳಿದೆಯೇ ಎಂದು ತಿಳಿಯುವುದು ಸುಲಭ. ಒಂದು ಬಿಲ್ಲಿನಲ್ಲಿ ರೌಂಡ್ ಆಫ್ 50 ಪೈಸೆ ದಾಟುವುದು ಸಾಧ್ಯವಿಲ್ಲ. ದಿನಕ್ಕೆ 120 ಬಿಲ್ಲು ಆಗಿದ್ದರೆ ಎಷ್ಟೇ ಆದರೂ 60 ರೂಪಾಯಿ. ಒಮ್ಮೆ ಏರಿಸಿ, ಒಮ್ಮೆ ಇಳಿಸುವುದರಿಂದ ಸಾಮಾನ್ಯವಾಗಿ ಉಳಿಕೆ ಅದಕ್ಕಿಂತ ತುಂಬಾ ಕಡಿಮೆ ಇರುತ್ತದೆ. ಆ ದಿನದ ಖಾತೆಯಲ್ಲಿ 300 ರೂಪಾಯಿ ಕಂಡರೆ, ರಿಯಾಯಿತಿಯೋ, ಗಲ್ಲಾದ ಕೊರತೆಯೋ ಅದರೊಳಗೆ ಸೇರಿಕೊಂಡಿದೆ ಎಂದೇ ಅರ್ಥ. ಖಾತೆಯನ್ನು ತೆರೆದು 50 ಪೈಸೆ ಮೀರಿದ ಸಾಲುಗಳನ್ನಷ್ಟೇ ನೋಡಿದರೆ ಸಾಕು, ಗೊತ್ತಾಗಿಬಿಡುತ್ತದೆ.

ಟ್ಯಾಲಿ ಬಳಸುವವರು ಈ ಖಾತೆ ತೆರೆಯುವಾಗ ಅದರ ಬಗೆಯನ್ನು ‘ಇನ್‌ವಾಯ್ಸ್ ರೌಂಡಿಂಗ್’ ಎಂದೂ, ವಿಧಾನವನ್ನು ‘ನಾರ್ಮಲ್ ರೌಂಡಿಂಗ್’ ಎಂದೂ, ಮಿತಿಯನ್ನು 1 ಎಂದೂ ಕೊಡಬೇಕು. ‘ಅಪ್‌ವರ್ಡ್’ ಕೊಟ್ಟರೆ ಪ್ರತಿ ಬಿಲ್ಲೂ ಮೇಲಕ್ಕೇ ಹೋಗುತ್ತದೆ. ಎಲ್ಲ ಪೈಸೆಯೂ ಗಿರಾಕಿಯ ಜೇಬಿನಿಂದಲೇ ಬಂದಂತಾಗುತ್ತದೆ, ಅದು ನ್ಯಾಯವಲ್ಲ. ಗಿರಾಕಿ ಯುಪಿಐನಲ್ಲಿ ಹಣ ಕೊಡುವುದಾದರೆ 875 ರೂಪಾಯಿ 56 ಪೈಸೆಯನ್ನು ಹಾಗೆಯೇ ತೆಗೆದುಕೊಳ್ಳಬಹುದು. ಪೂರ್ಣ ಮಾಡಿದ ಬಿಲ್ಲು ಕೊಟ್ಟಿದ್ದರೆ ಮಾತ್ರ ಬ್ಯಾಂಕಿಗೆ ಬರುವ ಹಣವೂ 876 ಆಗಿರಬೇಕು.

ಸಾಮಾನು ವಾಪಸು ಬಂದಾಗ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ. ಪ್ಲಂಬರ್ ಎಲ್ಲವನ್ನೂ ಹಿಂತಿರುಗಿಸಿದರೆ ಅವರಿಗೆ ಪೂರ್ತಿ 876 ಕೊಟ್ಟು, ಕ್ರೆಡಿಟ್ ನೋಟಿನಲ್ಲಿ ಮಾರಾಟ ಮತ್ತು ತೆರಿಗೆಯ ಜೊತೆಗೆ ಆ 44 ಪೈಸೆಯನ್ನೂ ತಿರುಗಿಸಬೇಕು. ಒಂದೆರಡು ಸಾಮಾನು ಮಾತ್ರ ಬಂದರೆ ಹಳೆಯ 44 ಪೈಸೆಯನ್ನು ಮುಟ್ಟಬೇಡಿ. ಬಂದ ಸಾಮಾನಿನ ಬೆಲೆ ಮತ್ತು ತೆರಿಗೆ ಕೂಡಿಸಿ, ಆ ಮೊತ್ತವನ್ನೇ ಬೇರೆಯಾಗಿ ಪೂರ್ಣ ರೂಪಾಯಿಗೆ ತಂದು, ಆ ವ್ಯತ್ಯಾಸವನ್ನು ಅದೇ ರೌಂಡ್ ಆಫ್ ಖಾತೆಗೆ ಬರೆಯಿರಿ. ವರ್ಷದ ಕೊನೆಗೆ ಖಾತೆಯಲ್ಲಿ ಉಳಿದದ್ದು ಡೆಬಿಟ್ ಆಗಿದ್ದರೆ ಖರ್ಚಾಗಿ, ಕ್ರೆಡಿಟ್ ಆಗಿದ್ದರೆ ಆದಾಯವಾಗಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ನಮಸ್ಕಾರ.