200 ಗ್ರಾಂ ಪ್ಯಾಕೆಟ್ ನಿಲ್ಲಿಸಬೇಕೇ?

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಹೆಚ್ಚಿನವರು ಮಸಾಲೆ ಪುಡಿ, ಉಪ್ಪಿನಕಾಯಿ, ಹಪ್ಪಳದ ವ್ಯವಹಾರದವರು. ಹಾಗಾಗಿ ಸಾಂಬಾರ್ ಪುಡಿಯದೇ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು, ಅವುಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಒಂದು ಘಟಕ 50, 100, 200, 500 ಗ್ರಾಂ ಪೌಚ್‌ಗಳಲ್ಲಿ ಪುಡಿ ಮಾರುತ್ತದೆ. 200 ಗ್ರಾಂನದು ತಿಂಗಳಿಗೆ 400 ಮಾತ್ರ ಹೋಗುತ್ತದೆ. ಡಿಸ್ಟ್ರಿಬ್ಯೂಟರ್‌ಗೆ ಕೊಡುವ ಬೆಲೆ 80 ರೂಪಾಯಿ. ಪುಡಿ, ಫಿಲ್ಮ್, ಸಾಗಣೆ ಸೇರಿ ಪ್ಯಾಕೆಟ್‌ಗೆ ತಗಲುವ ಖರ್ಚು 56. ಉಳಿಯುವುದು 24, ಅಂದರೆ ತಿಂಗಳಿಗೆ 9,600 ರೂಪಾಯಿ. ನಿಲ್ಲಿಸಿದರೆ ಇಷ್ಟೂ ಹೋಗುತ್ತದೆ ಎಂದು ಮಾರಾಟದವರು ಹೇಳುತ್ತಾರೆ. ಅದು ಸರಿಯಲ್ಲ. 200 ಗ್ರಾಂ ಸಿಗದಿದ್ದಾಗ ಕೆಲವರು 100 ಗ್ರಾಂನ ಎರಡು ಪೌಚ್ ಒಯ್ಯುತ್ತಾರೆ, ಉಳಿದವರು ಬೇರೆ ಬ್ರಾಂಡ್‌ಗೆ ಕೈಹಾಕುತ್ತಾರೆ. 100 ಗ್ರಾಂನಲ್ಲಿ 11 ರೂಪಾಯಿ ಉಳಿದರೆ ಎರಡಕ್ಕೆ 22. ನೂರಕ್ಕೆ 60 ಗಿರಾಕಿಗಳು ಹೀಗೆ ನಮ್ಮಲ್ಲೇ ಉಳಿದರೆ 5,280 ರೂಪಾಯಿ ವಾಪಸ್ ಬರುತ್ತದೆ. ನಿಜವಾದ ನಷ್ಟ 4,320.

ಈಗ ಆ ಪ್ಯಾಕೆಟ್ ಇಟ್ಟುಕೊಂಡಿರುವುದರ ಖರ್ಚು. ಇಲ್ಲಿ ದೊಡ್ಡ ಖಳನಾಯಕ ಫಿಲ್ಮ್. ಪ್ರಿಂಟಿಂಗ್‌ನವರು 300 ಕೆಜಿಗಿಂತ ಕಡಿಮೆ ಹಾಕಿಕೊಡುವುದಿಲ್ಲ ಎಂದುಕೊಳ್ಳಿ. ಪೌಚ್‌ಗೆ 6 ಗ್ರಾಂ ಎಂದರೂ 50,000 ಪೌಚ್. ತಿಂಗಳಿಗೆ 400ರಂತೆ ಅದು ಮುಗಿಯಲು ಹತ್ತು ವರ್ಷ ದಾಟುತ್ತದೆ! ಅಷ್ಟರಲ್ಲಿ ವಿಳಾಸವೋ, ಲೇಬಲ್ ನಿಯಮವೋ, ವಿನ್ಯಾಸವೋ ಬದಲಾಗಿಯೇ ಇರುತ್ತದೆ. ಮೂರು ವರ್ಷಕ್ಕೆ ಬದಲಾಯಿತೆಂದರೂ 14,400 ಪೌಚ್ ಬಳಕೆಯಾಗಿ, 35,600 ಪೌಚ್‌ನಷ್ಟು ಫಿಲ್ಮ್ ಗುಜರಿಗೆ. ಕೆಜಿಗೆ 300 ರೂಪಾಯಿಯಾದರೆ ಪೌಚ್‌ಗೆ 1.80 ಆಯಿತು. ಈ ನಷ್ಟವನ್ನು ತಿಂಗಳಿಗೆ ಹಂಚಿದರೆ 1,780. ಸಿಕ್ಕಿಬಿದ್ದ 90,000ಕ್ಕೆ ಬಡ್ಡಿ ಸುಮಾರು 800. ಪ್ಯಾಕಿಂಗ್ ಮೆಷಿನ್‌ನಲ್ಲಿ ಫಾರ್ಮಿಂಗ್ ಕಾಲರ್ ಬದಲಿಸಿ ತೂಕ, ಸೀಲ್ ಕೂರುವ ತನಕ ಹಾಳಾಗುವ ಮಾಲು 600. ಅವಧಿ ಮೀರಿ ವಾಪಸ್ ಬರುವ 30 ಪ್ಯಾಕೆಟ್‌ಗೆ 80ರಂತೆ 2,400. ಒಟ್ಟು ತಿಂಗಳಿಗೆ 5,580.

4,320 ಕಳೆದುಕೊಂಡರೆ 5,580ರ ಖರ್ಚು ಉಳಿತಾಯವಾಗುತ್ತದೆ. ನಿಲ್ಲಿಸಬಹುದು. ಆದರೆ ಎರಡು ಎಚ್ಚರಿಕೆಗಳಿವೆ.

ಈಗಾಗಲೇ ಗೋದಾಮಿನಲ್ಲಿರುವ ಫಿಲ್ಮ್‌ನ ದುಡ್ಡು ಹೋಗಿ ಆಗಿದೆ. ಇವತ್ತೇ ನಿಲ್ಲಿಸಿದರೆ ಅದು ಉಳಿತಾಯವಲ್ಲ, ಮೇಲಿನ 1,780 ಹೊಸ ಆರ್ಡರ್ ಕೊಡುವ ಸಮಯದ ಲೆಕ್ಕ. ಆದ್ದರಿಂದ ತೀರ್ಮಾನಕ್ಕೆ ಸರಿಯಾದ ಹೊತ್ತು ಫಿಲ್ಮ್ ಮುಗಿಯುತ್ತಾ ಬಂದಾಗ, ಇಲ್ಲವೇ ಹೇಗೂ ಹಳೆಯ ಲೇಬಲ್ ಬಿಸಾಡಬೇಕಾದಾಗ. ಅದೇ ರೀತಿ ಬಾಡಿಗೆ, ಮ್ಯಾನೇಜರ್ ಸಂಬಳವನ್ನು ಪ್ಯಾಕೆಟ್‌ಗಳಿಗೆ ಹಂಚಿ, ‘ಇದು ನಷ್ಟದಲ್ಲಿದೆ’ ಎನ್ನುವ ಅಕೌಂಟೆಂಟ್ ಮಾತನ್ನು ನಂಬಬೇಡಿ. ಪ್ಯಾಕೆಟ್ ಹೋದರೂ ಬಾಡಿಗೆ ಹೋಗುವುದಿಲ್ಲ, ಉಳಿದವುಗಳ ತಲೆಮೇಲೆ ಕೂರುತ್ತದೆ. ಆಮೇಲೆ ಅವೂ ನಷ್ಟದಲ್ಲಿರುವಂತೆ ಕಾಣುತ್ತವೆ, ಒಂದರ ಹಿಂದೊಂದು ಕಡಿಯುತ್ತಾ ಹೋಗುತ್ತೀರಿ. ಮೆಷಿನ್ ಬದಲಾವಣೆಗೆ ಹಿಡಿಯುವ ಎರಡು ಗಂಟೆಯೂ ಹಾಗೆಯೇ. ಆ ಹೊತ್ತಿನಲ್ಲಿ ಬೇರೆ ಮಾಲು ತಯಾರಿಸಿ ಮಾರಲು ಆಗುವಂತಿದ್ದರೆ, ಅಥವಾ ಓವರ್‌ಟೈಮ್ ಕೊಡುತ್ತಿದ್ದರೆ ಮಾತ್ರ ಅದಕ್ಕೆ ಬೆಲೆ.

ಎರಡನೆಯದು, 60 ಎಂಬ ಆ ಊಹೆ. ಅದು 40ಕ್ಕೆ ಇಳಿದರೆ ನಷ್ಟ 6,080 ಆಗಿ ಲೆಕ್ಕ ತಲೆಕೆಳಗಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಗಡಿ ಇರುವುದು 46ರ ಹತ್ತಿರ. ಇದನ್ನು ಕಚೇರಿಯಲ್ಲಿ ಕೂತು ಊಹಿಸುವುದಕ್ಕಿಂತ ಎರಡು ಡಿಸ್ಟ್ರಿಬ್ಯೂಟರ್ ಪ್ರದೇಶಗಳಲ್ಲಿ ಎರಡು ತಿಂಗಳು 200 ಗ್ರಾಂ ಕೊಡದೆ ನೋಡಿ. ಅಷ್ಟೇ ವ್ಯಾಪಾರವಿರುವ, ಎಂದಿನಂತೆ ಮಾಲು ಹೋಗುವ ಇನ್ನೆರಡು ಪ್ರದೇಶಗಳ ಜೊತೆ 100 ಗ್ರಾಂನ ಏರಿಕೆಯನ್ನು ಹೋಲಿಸಿ. ನೋಡಬೇಕಾದದ್ದು ಅಂಗಡಿಗಳಿಗೆ ಹೋದ ಬಿಲ್. ಡಿಸ್ಟ್ರಿಬ್ಯೂಟರ್‌ಗೆ ನೀವು ಹಾಕಿದ ಬಿಲ್ ನೋಡಿದರೆ ಮೋಸ ಹೋಗುತ್ತೀರಿ, ಏಕೆಂದರೆ ಅವರ ಗೋದಾಮಿನಲ್ಲಿ ಹಳೆಯ 200 ಗ್ರಾಂ ಇನ್ನೂ ಇರಬಹುದು. ಅದು ಖಾಲಿಯಾದ ಮೇಲೆಯೇ ಎರಡು ತಿಂಗಳು ಎಣಿಸಿ.

ಜೊತೆಗೆ ಆ 400 ಪ್ಯಾಕೆಟ್ ಯಾರು ಕೊಳ್ಳುತ್ತಿದ್ದಾರೆ ಎಂದೂ ಬಿಲ್ ತೆಗೆದು ನೋಡಿ. ಅರ್ಧ ಒಂದೇ ಸೂಪರ್ ಮಾರ್ಕೆಟ್‌ಗೆ ಹೋಗುತ್ತಿದ್ದು, ಅವರು ನಿಮ್ಮ ಎಂಟು ಪುಡಿ ಒಟ್ಟಿಗೆ ಕೊಳ್ಳುವವರಾದರೆ, ಮೊದಲು ಅವರ ಜೊತೆ ಮಾತಾಡಿ. ಆ ಇಡೀ ಆರ್ಡರ್ ತಪ್ಪಿದರೆ 4,320ರ ಲೆಕ್ಕವೆಲ್ಲ ನಗೆಪಾಟಲು.

ನಿಲ್ಲಿಸುವುದೆಂದಾದರೆ ಮೊದಲು ಫಿಲ್ಮ್ ಆರ್ಡರ್ ನಿಲ್ಲಿಸಿ, ಇರುವ ರೋಲ್‌ಗೆ ತಕ್ಕಷ್ಟು ಕೊನೆಯ ಮಾಲು ಪ್ಯಾಕ್ ಮಾಡಿ, ಆಮೇಲೆ ಬಿಲ್ಲಿಂಗ್‌ನಿಂದ ಆ ಐಟಂ ತೆಗೆಯಿರಿ. ಹಾಗೇ ಬಿಟ್ಟರೆ ಸೇಲ್ಸ್‌ಮನ್ ಆರ್ಡರ್ ಬರೆಯುತ್ತಲೇ ಇರುತ್ತಾನೆ. ಖಾಲಿಯಾದ ಶೆಲ್ಫ್ ಜಾಗಕ್ಕೆ ಅದೇ ದಿನ 100 ಗ್ರಾಂ ಪೌಚ್ ಇಡಿಸಿ. ಒಂದು ವಾರ ಬಿಟ್ಟರೆ ಅಂಗಡಿಯವರು ಅಲ್ಲಿ ಬೇರೆ ಬ್ರಾಂಡ್ ಇಡುತ್ತಾರೆ, ಆಗ ನಿಮ್ಮ 60 ಇಳಿಯತೊಡಗುತ್ತದೆ.