ನಾಲ್ಕು ಸೆಕೆಂಡಿನ ಹಾಲಿನ ಧಾರೆ

ಜಾಹೀರಾತಿನಲ್ಲಿ ಗ್ಲಾಸಿಗೆ ಹಾಲು ಬೀಳುವ ಶಾಟ್ ತೆರೆ ಮೇಲೆ ಹೆಚ್ಚೆಂದರೆ ನಾಲ್ಕು ಸೆಕೆಂಡ್ ಇರುತ್ತೆ. ಸೆಕೆಂಡಿಗೆ 1000 ಫ್ರೇಮ್ ತೆಗೆದು, ಅದನ್ನ 25 ಫ್ರೇಮಿನಲ್ಲಿ ಓಡಿಸಿದರೆ ಆ ನಾಲ್ಕು ಸೆಕೆಂಡಿಗೆ ಬೇಕಾಗೋದು ನೂರೇ ಫ್ರೇಮ್. ಅಂದರೆ ನಿಜವಾಗಿ ನಡೆದದ್ದು ಸೆಕೆಂಡಿನ ಹತ್ತರಲ್ಲಿ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಗ್ಲಾಸಿಗೆ ಬಿದ್ದಿರೋದು ಒಂದು ಟೀ ಚಮಚದಷ್ಟು ಹಾಲು, ಅಷ್ಟೇ. ಈ ವಿಡಿಯೋದಲ್ಲಿ ನಾವು ನೋಡ್ತಿರೋದು ಆ ಒಂದು ಚಮಚ ಹಾಲಿನ ಸಮಾಚಾರ. ಅದು ಚೆನ್ನಾಗಿ ಕಾಣುತ್ತೋ ಇಲ್ವೋ ಅನ್ನೋದು ಕ್ಯಾಮೆರಾ ಆನ್ ಮಾಡೋ ಮೊದಲೇ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತೆ.

ಒಂದೇ ಉದಾಹರಣೆ ಇಟ್ಕೊಳ್ಳೋಣ. ಗ್ಲಾಸಿನ ಒಳ ಅಗಲ 7 ಸೆಂಟಿಮೀಟರ್, ಎತ್ತರ 12. ಹಾಲು ಹೊರಬರುವ ನಳಿಕೆಯ ಬಾಯಿ 12 ಮಿಲಿಮೀಟರ್ ಅಗಲ, ಗ್ಲಾಸಿನ ತಳದಿಂದ 20 ಸೆಂಟಿಮೀಟರ್ ಮೇಲೆ, ಅಂದರೆ ಹತ್ತಿರ ಹತ್ತಿರ ಒಂದು ಗೇಣು. ಹಾಲು ನಳಿಕೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಲ್ಲಿಂದ ಕೆಳಗೆ ಗುರುತ್ವ ತನ್ನ ಕೆಲಸ ಮಾಡುತ್ತೆ. ತಳ ಮುಟ್ಟೋ ಹೊತ್ತಿಗೆ ವೇಗ ಸೆಕೆಂಡಿಗೆ 2 ಮೀಟರ್ ಆಗಿರುತ್ತೆ. ಹರಿದು ಬರೋ ಹಾಲಿನ ಪ್ರಮಾಣ ಮೇಲೂ ಅಷ್ಟೇ, ಕೆಳಗೂ ಅಷ್ಟೇ. ವೇಗ ನಾಲ್ಕು ಪಟ್ಟು ಆದಾಗ ಧಾರೆ ಸಣ್ಣಗಾಗಲೇಬೇಕು, ಹಾಗಾಗಿ 12 ಮಿಲಿಮೀಟರಿನ ಧಾರೆ ಕೆಳಗೆ 6 ಮಿಲಿಮೀಟರಿಗೆ ಇಳಿಯುತ್ತೆ. ಮೇಲೆ ದಪ್ಪ, ಕೆಳಗೆ ಸಪೂರ, ನಡುವೆ ನಯವಾದ ಇಳಿಜಾರು: ಕಣ್ಣಿಗೆ ಹಿತ ಅನಿಸೋದು ಈ ಆಕಾರವೇ.

ಈಗ ಆ ನಳಿಕೆಯನ್ನ 30 ಸೆಂಟಿಮೀಟರಿಗೆ ಎತ್ತಿದರೆ? ವೇಗ ಹೆಚ್ಚೋದು ಐದರಲ್ಲಿ ಒಂದು ಪಾಲಷ್ಟೇ. ಆದರೆ ತಳಕ್ಕೆ ಬಡಿಯುವ ಶಕ್ತಿ ಒಂದೂವರೆ ಪಟ್ಟಾಗುತ್ತೆ. "ಸ್ವಲ್ಪ ಮೇಲಿಂದ ಸುರೀರಿ, ಇನ್ನೂ ಜೋರಾಗಿ ಕಾಣುತ್ತೆ" ಅಂತ ಸೆಟ್ಟಿನಲ್ಲಿ ಯಾರಾದರೂ ಹೇಳೇ ಹೇಳ್ತಾರೆ. ಆ ಹೆಚ್ಚುವರಿ ಶಕ್ತಿ ಹೋಗೋದು ಎರಚಾಟಕ್ಕೆ, ಗುಳ್ಳೆಗೆ. ಚೆಂದಕ್ಕಲ್ಲ.

ಧಾರೆ ಸಣ್ಣಗಿದ್ದರೆ ಇನ್ನೊಂದು ತೊಂದರೆ. ದ್ರವದ ಮೇಲ್ಮೈಗೆ ಯಾವಾಗಲೂ ತನ್ನ ವಿಸ್ತೀರ್ಣ ಕಡಿಮೆ ಮಾಡ್ಕೊಳ್ಳೋ ಎಳೆತ ಇರುತ್ತೆ. ಅದನ್ನೇ ಮೇಲ್ಮೈ ಎಳೆತ ಅನ್ನೋದು. ಉದ್ದನೆ ಎಳೆಗಿಂತ ಸಾಲು ಹನಿಗಳ ಮೇಲ್ಮೈ ಕಡಿಮೆ, ಹಾಗಾಗಿ ಯಾವುದೇ ಧಾರೆ ಕೊನೆಗೆ ಹನಿಯಾಗಿ ಒಡೆಯೋಕೆ ನೋಡುತ್ತೆ. ದಪ್ಪ ಧಾರೆ ನಿಧಾನವಾಗಿ ಒಡೆಯುತ್ತೆ, ಸಣ್ಣದು ಬೇಗ. 2 ಮಿಲಿಮೀಟರಿನ ಎಳೆ ಒಂದು ಗೇಣು ಬೀಳೋದರೊಳಗೆ ಮಣಿಮಣಿ ಆಗಿಬಿಡುತ್ತೆ. ನಮ್ಮ 12 ಮಿಲಿಮೀಟರಿನದು ಅಷ್ಟು ದೂರ ಅಖಂಡವಾಗೇ ಇರುತ್ತೆ. ತೆರೆ ಮೇಲೆ ಧಾರೆ ತುಂಡು ತುಂಡಾಗಿ ಕಂಡರೆ ಮೊದಲು ಎತ್ತರ ಇಳಿಸಿ, ಆಮೇಲೆ ನಳಿಕೆ ದಪ್ಪ ಮಾಡಿ. ಹಾಲಿಗೆ ಕೆನೆ ಬೆರೆಸಿ ದಪ್ಪ ಮಾಡೋದು ಕೊನೆಯ ದಾರಿ. ಮಾರ್ತಿರೋದು ಆ ಹಾಲನ್ನೇ ಆದರೆ ಆ ದಾರಿಗೆ ಹೋಗದಿರೋದೇ ಸರಿ.

ಸರಿ, ಕೈಯಲ್ಲಿ ಜಗ್ ಹಿಡಿದು ಸುರಿದರೆ ಏನಾಗುತ್ತೆ? ಜಗ್ಗಿನ ಮೂತಿಯಿಂದ ಹಾಲು ಹೊರಡೋದು ಚಪ್ಪಟೆಯಾಗಿ. ಮೇಲ್ಮೈ ಎಳೆತ ಆ ಚಪ್ಪಟೆ ಅಂಚುಗಳನ್ನ ಒಳಗೆ ಎಳೆಯುತ್ತೆ, ಅವು ಬಂದ ರಭಸಕ್ಕೆ ಅಡ್ಡ ದಿಕ್ಕಿಗೆ ಹಿಗ್ಗುತ್ತವೆ, ಮತ್ತೆ ಕುಗ್ಗುತ್ತವೆ. ನಿಧಾನಗತಿಯಲ್ಲಿ ಅದು ಥೇಟ್ ಸರಪಳಿಯ ಕೊಂಡಿಗಳ ಹಾಗೆ ಕಾಣುತ್ತೆ: ಒಂದು ಕೊಂಡಿ ನೇರ, ಮುಂದಿನದು ಅಡ್ಡ. ಕೆಲವು ನಿರ್ದೇಶಕರಿಗೆ ಅದು ಇಷ್ಟ. ಮನೆಯ ವಾತಾವರಣ ತೋರಿಸೋ ಶಾಟಿಗೆ ಅದು ಸರಿಯೂ ಹೌದು. ಇನ್ನು ನಿಧಾನವಾಗಿ ಸುರಿದಾಗ ಹಾಲು ಮೂತಿಯ ಕೆಳಭಾಗಕ್ಕೇ ಅಂಟಿಕೊಂಡು ಜಗ್ಗಿನ ಮೈಮೇಲೆ ಇಳಿಯೋದು ಎಲ್ಲರಿಗೂ ಗೊತ್ತಿರೋ ಕಾಟ. ಮೂತಿಯ ಅಡಿಯಲ್ಲಿ ತೆಳ್ಳಗೆ ಬೆಣ್ಣೆ ಸವರಿದರೆ ಹಾಲು ಅಲ್ಲಿ ಅಂಟೋದಿಲ್ಲ. ಅಥವಾ ಧೈರ್ಯವಾಗಿ ಜೋರಾಗಿ ಸುರೀಬೇಕು. ಸೀಸೆಯಿಂದ ಸುರಿಯೋದಾದರೆ ಗುಳುಗುಳು ಅನ್ನುತ್ತಲ್ಲ, ಅದು ಹಾಲು ಹೊರಗೆ ಬರೋ ದಾರಿಯಲ್ಲೇ ಗಾಳಿ ಒಳಗೆ ಹೋಗೋದರಿಂದ. ಕ್ಯಾಮೆರಾಗೆ ಕಾಣದ ಹಿಂಬದಿಯಲ್ಲಿ, ಸೀಸೆಯ ತಳದ ಹತ್ತಿರ ಒಂದು ತೂತು ಕೊರೆದರೆ ಗಾಳಿಗೆ ಬೇರೆ ದಾರಿ ಸಿಗುತ್ತೆ, ಧಾರೆ ಸಲೀಸಾಗುತ್ತೆ.

ಆದರೆ ನುಣುಪಾದ, ಗಾಜಿನ ಕಡ್ಡಿಯಂಥ ಧಾರೆ ಬೇಕು, ಅದೂ ಪ್ರತಿ ಟೇಕಿಗೂ ಒಂದೇ ರೀತಿ ಬೇಕು ಅಂದರೆ ಕೈ ಸಾಲೋದಿಲ್ಲ. ಚೌಕಟ್ಟಿನ ಮೇಲೆ ಒಂದು ಟ್ಯಾಂಕ್ ಕಟ್ಟಬೇಕು. ಈಗ ತೆರೆ ಮೇಲೆ ಇರೋದು ಅದೇ ಜೋಡಣೆ. ಮೇಲಿಂದ ಕೆಳಗೆ ನೋಡ್ಕೊಂಡು ಬನ್ನಿ. ಟ್ಯಾಂಕ್ ನಳಿಕೆಗಿಂತ 30 ಸೆಂಟಿಮೀಟರ್ ಮೇಲಿದೆ. ಅರ್ಧ ಮೀಟರ್ ವೇಗಕ್ಕೆ ಲೆಕ್ಕದ ಪ್ರಕಾರ ಒಂದೂಕಾಲು ಸೆಂಟಿಮೀಟರ್ ಎತ್ತರ ಸಾಕು. ಆದರೆ ಅಷ್ಟೇ ಇಟ್ಟರೆ, ಒಂದು ಗ್ಲಾಸ್ ಸುರಿಯೋದರಲ್ಲಿ ಟ್ಯಾಂಕಿನ ಮಟ್ಟ ಅರ್ಧ ಸೆಂಟಿಮೀಟರ್ ಇಳಿದರೂ ಧಾರೆ ಕಣ್ಣೆದುರೇ ಸೊರಗುತ್ತೆ. 30 ಸೆಂಟಿಮೀಟರ್ ಇಟ್ಟು, ಒಂದು ವಾಲ್ವನ್ನ ಅರೆಬರೆ ಮುಚ್ಚಿ ಹರಿವು ತಗ್ಗಿಸಿದರೆ, ಮಟ್ಟ ಅರ್ಧ ಸೆಂಟಿಮೀಟರ್ ಇಳಿದದ್ದು ಲೆಕ್ಕಕ್ಕೇ ಬರೋದಿಲ್ಲ.

ಅರೆಬರೆ ಮುಚ್ಚಿದ ವಾಲ್ವ್ ದಾಟಿದ ಹಾಲು ಒಳಗೆ ಸುತ್ತಿ ಸುಳಿದು ಬರುತ್ತೆ. ಹಾಗೇ ಬಿಟ್ಟರೆ ಧಾರೆಯ ಮೈ ಸುಕ್ಕುಸುಕ್ಕು. ಅದಕ್ಕೆ ಕೆಳಗೆ ಒಂದು ಅಗಲವಾದ ಪೈಪು, ಸುಮಾರು 4 ಸೆಂಟಿಮೀಟರಿನದು. ಅದರ ತುಂಬಾ ಕುಡಿಯುವ ಸ್ಟ್ರಾಗಳನ್ನ ಉದ್ದಕ್ಕೆ ಒತ್ತೊತ್ತಾಗಿ ತುರುಕಿದೆ. ಸ್ಟ್ರಾ ಒಳಗೆ ಹೊಕ್ಕ ಹಾಲಿಗೆ ಸುಳಿಯೋಕೆ ಜಾಗವಿಲ್ಲ, ನೆಟ್ಟಗೆ ಹರಿದು ಬರುತ್ತೆ. ಪೈಪು ಕೆಳಗೆ ಕಿರಿದಾಗಿ ಕೊನೆಯಲ್ಲಿ ಎರಡನೇ ವಾಲ್ವ್. ಇದು ಕಾಲು ಸುತ್ತಿಗೆ ಪೂರ್ತಿ ತೆರೆಯೋ ಬಾಲ್ ವಾಲ್ವ್, ಅದರ ಕೆಳಗೆ ಗಿಡ್ಡ ನಳಿಕೆ. ಎರಡು ವಾಲ್ವ್ ಯಾಕೆ ಅಂದರೆ, ಹರಿವು ಎಷ್ಟು ಅನ್ನೋದನ್ನ ಮೇಲಿನದು ನೋಡ್ಕೊಳ್ಳುತ್ತೆ, ಒಮ್ಮೆ ಇಟ್ಟರೆ ಅದನ್ನ ಮುಟ್ಟೋ ಹಾಗಿಲ್ಲ. ಕೆಳಗಿನದು ಬರೀ ತೆರೆಯೋಕೆ, ಮುಚ್ಚೋಕೆ. ಅದನ್ನ ಫಟ್ ಅಂತ ತೆರೀಬೇಕು. ನಿಧಾನಕ್ಕೆ ತಿರುಗಿಸಿದರೆ ಮೊದಲು ಸಣ್ಣ ಎಳೆ ಇಳಿದು, ಹನಿಯಾಗಿ ಒಡೆದು, ತಳದ ಮೇಲೆ ತಟತಟ ಬಿದ್ದಿರುತ್ತೆ. ಅಷ್ಟರಲ್ಲಿ ನಮಗೆ ಬೇಕಾದ ಮೊದಲ ಸ್ಪರ್ಶ ಕೆಟ್ಟಿರುತ್ತೆ.

ಹರಿವು ಸರಿಯಿದೆಯಾ ಅಂತ ಅಳೆಯೋದು ಸುಲಭ. ಅಳತೆ ಪಾತ್ರೆ ಕೆಳಗಿಟ್ಟು ಐದು ಸೆಕೆಂಡ್ ಬಿಡಿ. ಸುಮಾರು 280 ಮಿಲಿಲೀಟರ್ ಸಿಗಬೇಕು.

ಈಗ ಮೊದಲ ಸ್ಪರ್ಶ. ಒಣ ಗ್ಲಾಸು, ಚಪ್ಪಟೆ ತಳ, ಧಾರೆ ನಟ್ಟ ನಡುವೆ. ಹಾಲು ತಳ ಮುಟ್ಟಿದ ಕೂಡಲೇ ತೆಳು ಹಾಳೆಯಾಗಿ ಸುತ್ತಲೂ ಹರಡುತ್ತೆ. ಗೋಡೆಗೆ ಮೂರೂವರೆ ಸೆಂಟಿಮೀಟರ್ ದೂರ. ಸೆಕೆಂಡಿನ ಐವತ್ತರಲ್ಲೊಂದು ಪಾಲಿನಲ್ಲಿ ಗೋಡೆ ತಲುಪಿ ಮೇಲಕ್ಕೆ ತಿರುಗುತ್ತೆ. ಸೆಕೆಂಡಿಗೆ 2 ಮೀಟರ್ ವೇಗಕ್ಕೆ 20 ಸೆಂಟಿಮೀಟರ್ ಏರೋ ಕಸುವಿದೆ. ತಳ ಮತ್ತು ಗೋಡೆಯ ಜೊತೆಗಿನ ಘರ್ಷಣೆಯಲ್ಲಿ ಬಹಳಷ್ಟು ಕಳೆದುಹೋದರೂ ಗ್ಲಾಸಿನ ಅರ್ಧದವರೆಗೆ ಬಿಳಿ ಕಲೆ ಹತ್ತೋದು ಸಾಮಾನ್ಯ. ತಳದ ಮೂಲೆ ದುಂಡಗಿದ್ದರಂತೂ ಅದು ಜಾರುಬಂಡಿ ಕೆಲಸ ಮಾಡಿ ಹಾಲನ್ನ ಹೊರಗೇ ಹಾರಿಸಬಹುದು. ಧಾರೆಯನ್ನ ನಡುವಿನಿಂದ ಒಂದೂವರೆ ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ ನೋಡಿ. ಹತ್ತಿರದ ಗೋಡೆಗೆ ಬಡಿದ ಹಾಲು ಎದುರು ಗೋಡೆ ಕಡೆಗೆ ಉರುಳುತ್ತೆ. ಸಮ ಉಂಗುರದ ಬದಲು ಒಂದು ಅಲೆ ಸಿಗುತ್ತೆ. ನನ್ನ ಕೇಳಿದರೆ ಹಾಲಿಗೆ ಒಪ್ಪೋದು ಈ ಅಲೆಯೇ. ಕಿರೀಟ ನೋಡಿ ನೋಡಿ ಸಾಕಾಗಿದೆ.

ಕಿರೀಟ ಅಂದೆನಲ್ಲ, ಹಾಲು ಸುತ್ತಲೂ ಮೊನೆಮೊನೆಯಾಗಿ ಎದ್ದು ನಿಲ್ಲೋ ಆಕಾರ, ಅದು ಧಾರೆಯಿಂದ ಹುಟ್ಟೋದಲ್ಲ, ಒಂಟಿ ಹನಿಯಿಂದ ಹುಟ್ಟೋದು. ವರ್ಥಿಂಗ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಇಂಥ ಎರಚಾಟಗಳ ಫೋಟೋಗಳನ್ನೇ ಸೇರಿಸಿ 1908ರಲ್ಲಿ ಒಂದು ಪುಸ್ತಕ ತಂದರು. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್ ತೆಗೆದ ಹಾಲಿನ ಕಿರೀಟದ ಪ್ರಸಿದ್ಧ ಬಣ್ಣದ ಚಿತ್ರ 1957ರದು. ಆ ಕಿರೀಟ ಬರಬೇಕಾದರೆ ಕೆಳಗೆ ಒಂದೆರಡು ಮಿಲಿಮೀಟರ್ ದಪ್ಪದ ಹಾಲಿನ ಪದರ ಬೇಕು. ಪದರ ಆಳವಾದರೆ ಕಿರೀಟ ತಗ್ಗಿ, ಗುಂಡಿ ಬಿದ್ದು, ಗುಂಡಿ ಮುಚ್ಚುವಾಗ ನಡುವಿನಿಂದ ಕಂಬ ಏಳುತ್ತೆ. ಇದು ನಮಗೆ ಇನ್ನೊಂದು ಕಾರಣಕ್ಕೆ ಮುಖ್ಯ. ಹಿಂದಿನ ಟೇಕಿನ ಹಾಲು ತಳದಲ್ಲಿ ತೆಳ್ಳಗೆ ಉಳಿದಿದ್ದರೆ ಮುಂದಿನ ಟೇಕಿನಲ್ಲಿ ಬೇಡದ ಎರಚಾಟ ಗ್ಯಾರಂಟಿ. ಪ್ರತಿ ಟೇಕಿಗೂ ತೊಳೆದು, ಒರೆಸಿ, ಪೂರ್ತಿ ಒಣಗಿದ ಬೇರೆ ಗ್ಲಾಸು ಇಡಬೇಕು. ಒಂದೇ ಅಚ್ಚಿನ ಹತ್ತು ಹನ್ನೆರಡು ಗ್ಲಾಸು ಸಾಲಾಗಿ ಇಟ್ಟಿರಿ.

ಕ್ಯಾಮೆರಾಗೆ ಬರೋಣ. 1000 ಫ್ರೇಮ್ ಅಂತ ಹಾಕಿದ ಕೂಡಲೇ ಚಿತ್ರ ಚೂಪಾಗಿ ಬರುತ್ತೆ ಅನ್ನೋದು ಸುಳ್ಳು. ಚೂಪು ಮಾಡೋದು ಶಟರ್. ಶಟರ್ 1/2000 ಇದ್ದರೆ ಅದು ತೆರೆದಿರೋ ಹೊತ್ತಿನಲ್ಲಿ ಹಾಲು ಒಂದು ಮಿಲಿಮೀಟರ್ ಜರುಗುತ್ತೆ. ಫ್ರೇಮಿನಲ್ಲಿ ಕಾಣೋ ಅಗಲ 16 ಸೆಂಟಿಮೀಟರ್, ಪಿಕ್ಸೆಲ್ 3840 ಅಂದರೆ ಒಂದು ಮಿಲಿಮೀಟರಿಗೆ 24 ಪಿಕ್ಸೆಲ್. ಹನಿಯ ಅಂಚು ಅಷ್ಟು ಅಗಲಕ್ಕೆ ಕಲಸಿಹೋಗುತ್ತೆ. 1/8000ಕ್ಕೆ ಏರಿಸಿದರೆ ಅದು 6 ಪಿಕ್ಸೆಲ್ ಆಗುತ್ತೆ, ನೋಡೋಕೆ ತೊಂದರೆಯಿಲ್ಲ. ಬದಲಿಗೆ ಬೆಳಕು ನಾಲ್ಕು ಪಟ್ಟು ಬೇಕು. ಆ ಬೆಳಕು ಮಿನುಗಬಾರದು. ಮಂದ ಮಾಡಿದ ಎಷ್ಟೋ ಎಲ್ಇಡಿ ಲೈಟುಗಳು ಕಣ್ಣಿಗೆ ಗೊತ್ತಾಗದ ಹಾಗೆ ಹೊತ್ತಿ ಆರುತ್ತಿರುತ್ತವೆ. 1000 ಫ್ರೇಮಿನಲ್ಲಿ ಅದು ಪಟ್ಟೆಯಾಗಿ, ಮಿಣುಕಾಗಿ ಬಂದು ಕೂರುತ್ತೆ. ಹಾಲು ತೆರೆಯೋ ಮೊದಲು ಖಾಲಿ ಗ್ಲಾಸನ್ನೇ ಅರ್ಧ ಸೆಕೆಂಡ್ ತೆಗೆದು ಓಡಿಸಿ ನೋಡಿದರೆ ಗೊತ್ತಾಗುತ್ತೆ.

ಲೈಟು ಎದುರಿನಿಂದ ಬಿದ್ದರೆ ಹಾಲು ಬಿಳಿ ಕಾಗದದ ಹಾಗೆ ಸಪ್ಪೆ. ಹಿಂದಿನ ಓರೆಯಿಂದ ಬಿದ್ದರೆ ಅಲೆಯ ಏರಿಳಿತಕ್ಕೆ ನೆರಳು ಹುಟ್ಟುತ್ತೆ. ಗ್ಲಾಸಿನ ಎರಡೂ ಬದಿಗೆ, ಫ್ರೇಮಿನ ಹೊರಗೆ, ಕಪ್ಪು ರಟ್ಟು ನಿಲ್ಲಿಸಿದರೆ ಗಾಜಿನ ಅಂಚಿಗೆ ಗೆರೆ ಬರುತ್ತೆ. ಎಕ್ಸ್‌ಪೋಶರ್ ತುಸು ಕಡಿಮೆಯೇ ಇರಲಿ, ಬಿಳಿ ಒಮ್ಮೆ ಸುಟ್ಟುಹೋದರೆ ಅಲೆಯ ವಿವರ ಮತ್ತೆ ತರೋಕಾಗಲ್ಲ. ಹಾಲು ಫ್ರಿಜ್ಜಿನಿಂದ ಸೀದಾ ಬಂದರೆ ಗ್ಲಾಸಿನ ಹೊರಗೆ ಮಂಜು ಕಟ್ಟಿ ಒಳಗಿನ ಆಟ ಕಾಣೋದೇ ಇಲ್ಲ. ಈ ಶಾಟಿಗೆ ಕೋಣೆಯ ಬಿಸಿಯಲ್ಲಿರೋ ಹಾಲು ಸಾಕು.

ರೆಕಾರ್ಡಿಂಗ್ ಬಟನ್ ಒತ್ತೋದು ಹಾಲು ಬಿದ್ದ ಮೇಲೆ. ಹೈ ಸ್ಪೀಡ್ ಕ್ಯಾಮೆರಾಗಳು ಕಳೆದ ಕೆಲವು ಸೆಕೆಂಡುಗಳನ್ನ ಸದಾ ನೆನಪಿನಲ್ಲಿ ಇಟ್ಕೊಂಡೇ ಇರುತ್ತವೆ. ನೋಡಿ, ಇಷ್ಟವಾಯ್ತು ಅಂದಾಗ ಒತ್ತಿದರೆ ಹಿಂದಿನದು ಉಳಿಯುತ್ತೆ.

ಗ್ಲಾಸು ತುಂಬೋ ಶಾಟ್ ಬೇರೆಯದೇ. ನಮ್ಮ ಹರಿವಿಗೆ ಮಟ್ಟ ಏರೋದು ಸೆಕೆಂಡಿಗೆ ಒಂದೂವರೆ ಸೆಂಟಿಮೀಟರ್. 1000 ಫ್ರೇಮಿನಲ್ಲಿ ತೆಗೆದರೆ ತೆರೆ ಮೇಲೆ ಅದು ಸೆಕೆಂಡಿಗೆ ಅರ್ಧ ಮಿಲಿಮೀಟರೂ ಏರದೆ ನಿಂತ ಹಾಗಿರುತ್ತೆ. ಇದಕ್ಕೆ 100 ಫ್ರೇಮ್ ಸಾಕು. ಇಲ್ಲಿ ಶತ್ರು ಗುಳ್ಳೆ. ಧಾರೆ ಹಾಲಿನ ಮೇಲ್ಮೈ ಹೊಕ್ಕೋ ಜಾಗದಲ್ಲಿ ಗಾಳಿಯನ್ನೂ ಎಳ್ಕೊಂಡು ಹೋಗುತ್ತೆ, ಹಾಲಿನ ಪ್ರೋಟೀನು ಆ ಗುಳ್ಳೆ ಒಡೆಯದ ಹಾಗೆ ಕಾಯುತ್ತೆ. ಧಾರೆಯ ಮೈ ನುಣುಪಾಗಿದ್ದಷ್ಟೂ ಗಾಳಿ ಕಡಿಮೆ ಹೋಗುತ್ತೆ, ಸ್ಟ್ರಾಗಳ ನಿಜವಾದ ಉಪಯೋಗ ಇಲ್ಲೇ. ಜೊತೆಗೆ ನಳಿಕೆಯನ್ನ 12 ಸೆಂಟಿಮೀಟರಿಗೆ, ಗ್ಲಾಸಿನ ಬಾಯಿ ಹತ್ತಿರಕ್ಕೇ, ಇಳಿಸಿ. ಆಮೇಲೂ ಅಂಚಿನಲ್ಲಿ ಉಳಿದ ಗುಳ್ಳೆಗಳಿಗೆ ಟಿಶ್ಯೂ ಕಾಗದದ ಮೂಲೆ ತಾಗಿಸಿದರೆ ಅವು ಅದಕ್ಕೇ ಹತ್ತಿಕೊಂಡು ಬರುತ್ತವೆ. ಅದಾದ ಮೇಲೆ ತುಂಬಿದ ಗ್ಲಾಸಿನ ಸ್ಥಿರ ಶಾಟ್ ತೆಗೆದುಕೊಳ್ಳಿ.