ಚದರಡಿ ಬಿಡಿ, ಸಾಲು ಎಣಿಸಿ

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಚದರಡಿ ಲೆಕ್ಕ ಹಾಕಿ ಹತ್ತು ಪರ್ಸೆಂಟ್ ಸೇರಿಸಿದ್ರೆ ಮುಗೀತು, ಇದಕ್ಕೂ ಒಂದು ವಿಡಿಯೋ ಬೇಕಾ?" ಬೇಕು ಸ್ವಾಮಿ. ಟೈಲ್ಸ್ ಎಣಿಸೋದು ಚದರಡಿಯಲ್ಲಿ ಅಲ್ಲ, ಸಾಲಿನಲ್ಲಿ.

ಹತ್ತಡಿ ಅಗಲ, ಹದಿಮೂರಡಿ ಉದ್ದದ ರೂಮು ತಗೊಳ್ಳಿ. ಟೈಲ್ಸು ಟು ಬೈ ಟು. ನಿಮ್ಮ ಲೆಕ್ಕದಲ್ಲಿ 130 ಭಾಗಿಸು 4, ಅಂದ್ರೆ 33 ಪೀಸು. ವೇಸ್ಟೇಜ್ ಸೇರಿಸಿ 36.

ಈಗ ಟೇಪು ಹಿಡೀರಿ. ಟು ಬೈ ಟು ಅಂತ ಬಾಯಲ್ಲಿ ಹೇಳ್ತೀವಿ, ಬಾಕ್ಸ್ ಮೇಲೆ ಇರೋದು 600 × 600 ಮಿಲಿಮೀಟರ್. ಎರಡಡಿಗೆ ಸುಮಾರು ಹತ್ತು ಮಿಲಿಮೀಟರ್ ಕಮ್ಮಿ. ರೂಮಿನ ಅಗಲ 3048. ಎರಡು ಮಿಲಿಮೀಟರ್ ಸ್ಪೇಸರ್ ಇಟ್ಟು ಐದು ಟೈಲ್ಸ್ ಕೂರಿಸಿದ್ರೆ 3010 ಆಯ್ತು. ಉಳಿದಿದ್ದು 38. ಎರಡು ಬೆರಳಗಲದ ಪಟ್ಟಿ! ಕಟ್ ಮಾಡುವಾಗಲೇ ಮುರಿಯುತ್ತೆ. ಗೋಡೆ ಹದಿನೈದು ಮಿಲಿಮೀಟರ್ ಸೊಟ್ಟ ಇದ್ರೆ ಒಂದು ತುದಿ 38, ಇನ್ನೊಂದು ತುದಿ 23. ಬಾಗಿಲಲ್ಲಿ ನಿಂತವರಿಗೂ ಕಾಣುತ್ತೆ.

ಅದಕ್ಕೇ ಒಳ್ಳೆ ಮೇಸ್ತ್ರಿ ಮಧ್ಯೆ ನಾಲ್ಕು ಪೂರ್ತಿ ಟೈಲ್ಸ್ ಇಟ್ಟು, ಎರಡೂ ಗೋಡೆ ಕಡೆ 319ರ ತುಂಡು ಕೊಡ್ತಾನೆ. ಒಂದು ಸಾಲಿಗೆ ಆರು ಪೀಸು. ಉದ್ದಕ್ಕೆ ಆರು ಪೂರ್ತಿ ಸಾಲು, ಜೊತೆಗೆ 350ರ ಒಂದು ಕಟಿಂಗ್ ಸಾಲು. ಆರೇಳ್ಲ ನಲವತ್ತೆರಡು. ನೀವು ತಂದಿದ್ದು 36! ಸಾಲು ಎಣಿಸಿ ಅಂತ ಬಡ್ಕೊಳ್ಳೋದು ಇದಕ್ಕೇ.

"ಕಟ್ ಮಾಡಿ ಉಳಿದ ತುಂಡನ್ನ ಆಚೆ ಗೋಡೆಗೆ ಹಾಕಿದ್ರಾಯ್ತಲ್ಲ" ಅಂತೀರಾ? ಉಳಿಯೋದು 281, ಬೇಕಾಗಿದ್ದು 319. ಎಳೆದು ಉದ್ದ ಮಾಡೋಕೆ ಅದೇನು ರಬ್ಬರಾ? ಆದ್ರೆ ಆ ತುಂಡು ಎಸೀಬೇಡಿ. ಒಂದೊಂದರಲ್ಲೂ ನಾಲ್ಕಿಂಚಿನ ಸ್ಕರ್ಟಿಂಗ್ ಪಟ್ಟಿ ಎರಡೆರಡು ಬರುತ್ತೆ. ಆರು ಪೂರ್ತಿ ಸಾಲಿನಿಂದ ಹನ್ನೆರಡು ತುಂಡು, ಇಪ್ಪತ್ನಾಲ್ಕು ಪಟ್ಟಿ. ಬಾಗಿಲು ಬಿಟ್ಟು ಈ ರೂಮಿಗೆ ಬೇಕಾಗೋದು ಇಪ್ಪತ್ತೆರಡು. ಇದನ್ನ ಯಾವ ಪರ್ಸೆಂಟ್ ಹೇಳುತ್ತೆ ನಿಮಗೆ?

ನಾಲ್ಕು ಪೀಸಿನ ಬಾಕ್ಸ್ ಆದ್ರೆ ಹನ್ನೊಂದು ಬಾಕ್ಸ್, ಒಡೆಯೋದಕ್ಕೆ ಇನ್ನೊಂದು. ಒಟ್ಟಿಗೇ ತನ್ನಿ, ಬಾಕ್ಸ್ ಮೇಲಿನ ಬ್ಯಾಚ್ ನಂಬರ್ ಎಲ್ಲದರಲ್ಲೂ ಒಂದೇ ಇರ್ಲಿ. ಆಮೇಲೆ ತಂದ್ರೆ ಶೇಡ್ ಬೇರೆ ಬರಬಹುದು.

ಎರಡಡಿ-ನಾಲ್ಕಡಿ ಟೈಲ್ಸಿಗೂ, ಬಾತ್‌ರೂಮಿನ 300 × 300ಕ್ಕೂ ಇದೇ ಮಾತು: ಸಾಲು, ಸಾಲು, ಸಾಲು! ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಮಾಡಿ. ನಿಮ್ಮ ರೂಮಿನ ಉದ್ದ, ಅಗಲ, ಟೈಲ್ಸ್ ಸೈಜು ಮೂರನ್ನೂ ಮಿಲಿಮೀಟರಲ್ಲೇ ಕಮೆಂಟಲ್ಲಿ ಬರೀರಿ. ಬರೀ ಚದರಡಿ ಬರೆದವರಿಗೆ ನಾನು ಉತ್ತರ ಕೊಡಲ್ಲ.